ವರ್ಷಕ್ಕೊಂದು ಬಡ್ಡಿ ದರ: ಹತ್ತು ವರ್ಷದ ಪಿ.ಎಫ್. ಲೆಕ್ಕವನ್ನು ತಾಳೆ ನೋಡುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಒಂದು ಕಂಪೆನಿಯಲ್ಲಿದ್ದೆ. 2015ರ ಜನವರಿಯಲ್ಲಿ ಕೆಲಸ ಬಿಟ್ಟು ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ಪಿ.ಎಫ್. ಹಣ ತೆಗೆದಿಲ್ಲ. 2015ರ ಮಾರ್ಚ್ 31ಕ್ಕೆ 2,40,000 ರೂಪಾಯಿ ಇತ್ತು, 2025ರ ಮಾರ್ಚ್ 31ಕ್ಕೆ 5,39,631 ಆಗಿದೆ. ಹತ್ತು ವರ್ಷದ ದರಗಳನ್ನು ಕೂಡಿಸಿದರೆ ನನಗೆ ಶೇ. 84.4 ಬಂತು, ಆ ಲೆಕ್ಕದಲ್ಲಿ 4,42,560 ಆಗಬೇಕು. ನನ್ನ ಭಾವ ಸರಾಸರಿ ಶೇ. 8.44 ಹಿಡಿದು ಚಕ್ರಬಡ್ಡಿ ಹಾಕಿದರೆ 5,39,643 ಬರುತ್ತದೆ. ಯಾವುದು ಸರಿ? ಇನ್ನೊಂದು ಸಂಶಯ: ಹಣ ಕಮ್ಮಿ ಇದ್ದಾಗ ದರ ಜಾಸ್ತಿ ಇತ್ತು, ಹಣ ಬೆಳೆದ ಮೇಲೆ ದರ ಇಳಿಯಿತು. ಇದು ತಿರುಗಾಮುರುಗಾ ಆಗಿದ್ದರೆ ನನಗೆ ಹೆಚ್ಚು ಸಿಗುತ್ತಿತ್ತಲ್ಲವೇ?
— ಬದಿಯಡ್ಕದ ಸಮೀಪದ ಒಬ್ಬ ಓದುಗರು

ಉತ್ತರ: ಪಾಸ್‌ಬುಕ್ಕಿನ ಮೊತ್ತ ಸರಿ ಇದೆ, ರೂಪಾಯಿಗೆ ರೂಪಾಯಿ ತಾಳೆಯಾಗುತ್ತದೆ. ನಿಮ್ಮ ಭಾವನವರ ದಾರಿ ತಪ್ಪಾದರೂ ಅದೃಷ್ಟಕ್ಕೆ 12 ರೂಪಾಯಿಯ ವ್ಯತ್ಯಾಸದಲ್ಲಿ ಹತ್ತಿರ ಬಂದು ನಿಂತಿದೆ. ನಿಮ್ಮದು ಮಾತ್ರ 97,071 ರೂಪಾಯಿ ಕಮ್ಮಿ. ಇನ್ನು ತಿರುಗಾಮುರುಗಾದ ಸಂಶಯಕ್ಕೆ ಉತ್ತರ: ಇಲ್ಲ, ಒಂದು ಪೈಸೆಯೂ ಹೆಚ್ಚು ಸಿಗುತ್ತಿರಲಿಲ್ಲ. ಇದನ್ನು ಹೆಚ್ಚಿನವರು ಒಪ್ಪುವುದಿಲ್ಲ, ಹಾಗಾಗಿ ಅದನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಲೆಕ್ಕದ ಕ್ರಮ. ಒಂದು ವರ್ಷದ ದರ ಶೇ. 8.8 ಎಂದರೆ ವರ್ಷದ ಆರಂಭದಲ್ಲಿದ್ದ ಪ್ರತಿ ಒಂದು ರೂಪಾಯಿ ವರ್ಷದ ಕೊನೆಗೆ 1.088 ರೂಪಾಯಿ ಆಗುತ್ತದೆ. ಈ 1.088 ಆ ವರ್ಷದ ಗುಣಕ. ದರವನ್ನು ನೂರರಿಂದ ಭಾಗಿಸಿ ಒಂದು ಕೂಡಿಸಿದರೆ ಗುಣಕ ಸಿಗುತ್ತದೆ, ಅಷ್ಟೆ. ಮರುವರ್ಷದ ಬಡ್ಡಿ ಬೀಳುವುದು ಮೂಲ 2,40,000ಕ್ಕಲ್ಲ, ಹಿಂದಿನ ಬಡ್ಡಿಯೂ ಸೇರಿದ ಮೊತ್ತಕ್ಕೆ. ಆದ್ದರಿಂದ ಮರುವರ್ಷದ ಗುಣಕದಿಂದ ಇಡೀ ಮೊತ್ತವನ್ನೇ ಗುಣಿಸಬೇಕು. ದರ ಪ್ರತಿವರ್ಷ ಒಂದೇ ಆಗಿದ್ದರೆ ಒಂದೇ ಗುಣಕವನ್ನು ಹತ್ತು ಸಲ ಗುಣಿಸುತ್ತಿದ್ದೆವು. ಶಾಲೆಯಲ್ಲಿ ಕಲಿತ ಚಕ್ರಬಡ್ಡಿಯ ಸೂತ್ರ ಅದೇ. ದರ ಬದಲಾಗುತ್ತಿದ್ದರೆ ಹತ್ತು ಬೇರೆ ಬೇರೆ ಗುಣಕಗಳನ್ನು ಒಂದಾದ ಮೇಲೊಂದು ಗುಣಿಸುತ್ತೇವೆ. ಸೂತ್ರ ಬೇರೆಯಾಗುವುದಿಲ್ಲ, ಘಾತದ ಬದಲಿಗೆ ಗುಣಲಬ್ಧ ಬರುತ್ತದೆ:

```
A = P × (1+r1) × (1+r2) × ... × (1+r10)
```

ನಿಮ್ಮ ಹತ್ತು ವರ್ಷಗಳಿಗೆ ಘೋಷಣೆಯಾದ ಪಿ.ಎಫ್. ದರಗಳನ್ನು ಹಾಕಿದ ಕೋಷ್ಟಕ ಕೆಳಗಿದೆ. ಮೂರನೇ ಅಂಕಣದ ಸಂಚಿತ ಗುಣಕ ಎಂದರೆ ಆ ವರ್ಷದವರೆಗಿನ ಎಲ್ಲ ಗುಣಕಗಳ ಗುಣಲಬ್ಧ. 2015ರ ಮಾರ್ಚ್ 31ರ ಒಂದು ರೂಪಾಯಿ ಆ ಹೊತ್ತಿಗೆ ಎಷ್ಟಾಗಿದೆ ಎಂಬುದನ್ನು ಅದು ಹೇಳುತ್ತದೆ.

| ಆರ್ಥಿಕ ವರ್ಷ | ದರ (ಶೇ.) | ಸಂಚಿತ ಗುಣಕ | ವರ್ಷಾಂತ್ಯದ ಮೊತ್ತ (ರೂ.) |
|---|---|---|---|
| 2015-16 | 8.80 | 1.088000 | 2,61,120 |
| 2016-17 | 8.65 | 1.182112 | 2,83,707 |
| 2017-18 | 8.55 | 1.283183 | 3,07,964 |
| 2018-19 | 8.65 | 1.394178 | 3,34,603 |
| 2019-20 | 8.50 | 1.512683 | 3,63,044 |
| 2020-21 | 8.50 | 1.641261 | 3,93,903 |
| 2021-22 | 8.10 | 1.774203 | 4,25,809 |
| 2022-23 | 8.15 | 1.918801 | 4,60,512 |
| 2023-24 | 8.25 | 2.077102 | 4,98,504 |
| 2024-25 | 8.25 | 2.248463 | 5,39,631 |

ಕೊನೆಯ ಸಂಚಿತ ಗುಣಕ 2.248463. ಅದನ್ನು 2,40,000ದಿಂದ ಗುಣಿಸಿದರೆ 5,39,631. ಹಣ ಇಮ್ಮಡಿಯಾದದ್ದು 2023-24ರಲ್ಲಿ ಎಂಬುದೂ ಇದೇ ಅಂಕಣದಲ್ಲಿ ಕಾಣುತ್ತದೆ, ಆ ಸಾಲಿನಲ್ಲಿ ಗುಣಕ 2 ದಾಟಿದೆ.

ನೀವು ದರಗಳನ್ನು ಕೂಡಿಸಿದಾಗ ಏನಾಯಿತು ನೋಡಿ. ಎರಡೇ ವರ್ಷ ತೆಗೆದುಕೊಂಡು ಗುಣಿಸಿದರೆ (1+a)(1+b) = 1 + a + b + ab. ಕೂಡಿಸುವಾಗ ನಿಮ್ಮ ಕೈಗೆ ಬರುವುದು a + b ಮಾತ್ರ, ab ಬಿಟ್ಟುಹೋಗುತ್ತದೆ. ಆ ab ಎಂಬುದು ಮೊದಲ ವರ್ಷದ ಬಡ್ಡಿಗೆ ಎರಡನೇ ವರ್ಷ ಬಿದ್ದ ಬಡ್ಡಿ. ಎರಡು ವರ್ಷಕ್ಕೆ ಇದು ಚಿಕ್ಕದು, ಶೇ. 0.76ರಷ್ಟು. ಹತ್ತು ವರ್ಷಕ್ಕೆ ಇಂಥ ಜೋಡಿಗಳೇ ನಲವತ್ತೈದು ಆಗುತ್ತವೆ, ಅದರ ಮೇಲೆ ಮೂರು ಮೂರರ ಗುಂಪುಗಳು, ನಾಲ್ಕು ನಾಲ್ಕರವು ಎಲ್ಲ ಬರುತ್ತವೆ. ಎಲ್ಲ ಸೇರಿ 0.404463. ಇದನ್ನು 2,40,000ದಿಂದ ಗುಣಿಸಿದರೆ 97,071, ನಿಮ್ಮ ಲೆಕ್ಕದಲ್ಲಿ ಕಾಣದೆ ಹೋದ ಹಣ ಅದೇ. ಪ್ರತಿವರ್ಷ ಬಡ್ಡಿಯನ್ನು ಕೈಗೆ ತೆಗೆದುಕೊಂಡು ಖರ್ಚು ಮಾಡುತ್ತಾ ಅಸಲು ಮಾತ್ರ ಉಳಿಸಿದ್ದರೆ ನಿಮ್ಮ ಶೇ. 84.4 ಸರಿಯಾಗುತ್ತಿತ್ತು.

ದರ ಹಿಂದುಮುಂದಾದರೆ?

ಈಗ ನಿಮ್ಮ ಎರಡನೇ ಪ್ರಶ್ನೆ. ಮೇಲಿನ ab ಎಂಬುದನ್ನೇ ಮತ್ತೆ ನೋಡಿ. ಅದು a ಮೊದಲು ಬಂತೋ b ಮೊದಲು ಬಂತೋ ಎಂದು ಕೇಳುವುದಿಲ್ಲ. ಗುಣಾಕಾರದಲ್ಲಿ ಯಾವುದನ್ನು ಮೊದಲು ಗುಣಿಸಿದರೂ ಉತ್ತರ ಒಂದೇ ಎಂಬುದು ಎಲ್ಲರಿಗೂ ಗೊತ್ತು, ಆದರೆ ಹಣದ ವಿಷಯ ಬಂದಾಗ ಮನಸ್ಸು ಒಪ್ಪುವುದಿಲ್ಲ. "ಮೊತ್ತ ದೊಡ್ಡದಿರುವಾಗ ಒಳ್ಳೆ ದರ ಬಿದ್ದರೆ ಲಾಭ" ಎಂದೇ ಅನ್ನಿಸುತ್ತದೆ. ಹಾಗಾಗಿ ರೂಪಾಯಿಯಲ್ಲೇ ನೋಡೋಣ.

ಎರಡು ವರ್ಷ, ಒಂದಕ್ಕೆ ಶೇ. 8.8, ಇನ್ನೊಂದಕ್ಕೆ ಶೇ. 8.1. ಮೊದಲು 8.8 ಬಂದರೆ ಮೊದಲ ವರ್ಷದ ಬಡ್ಡಿ 21,120. ಮೊತ್ತ 2,61,120 ಆಗುತ್ತದೆ. ಎರಡನೇ ವರ್ಷ ಅದಕ್ಕೆ ಶೇ. 8.1ರಂತೆ 21,150.72. ಒಟ್ಟು ಬಡ್ಡಿ 42,270.72.

ಮೊದಲು 8.1 ಬಂದರೆ ಮೊದಲ ವರ್ಷ 19,440, ಮೊತ್ತ 2,59,440. ಎರಡನೇ ವರ್ಷ ಅದಕ್ಕೆ ಶೇ. 8.8ರಂತೆ 22,830.72. ಒಟ್ಟು ಬಡ್ಡಿ 42,270.72.

ಒಳ್ಳೆ ದರ ಎರಡನೇ ವರ್ಷ ಬಂದಾಗ ಆ ವರ್ಷದ ಬಡ್ಡಿ ದೊಡ್ಡದಾಗಿ ಕಾಣುವುದು ಸುಳ್ಳಲ್ಲ, 1,680 ರೂಪಾಯಿ ಹೆಚ್ಚೇ ಇದೆ. ಆದರೆ ಮೊದಲ ವರ್ಷ ಸರಿಯಾಗಿ ಅಷ್ಟೇ 1,680 ಕಮ್ಮಿ ಬಿದ್ದಿತ್ತು. ಒಳ್ಳೆ ದರ ತಡವಾಗಿ ಬಂದರೆ ದೊಡ್ಡ ಮೊತ್ತಕ್ಕೆ ಬೀಳುತ್ತದೆ ನಿಜ. ಬೇಗ ಬಂದರೆ ಆ ಹೆಚ್ಚಿನ ಬಡ್ಡಿಗೆ ಮುಂದಿನ ವರ್ಷಗಳಲ್ಲೆಲ್ಲ ಬಡ್ಡಿ ಸಿಗುತ್ತದೆ. ಇವೆರಡೂ ಒಂದಕ್ಕೊಂದು ವಜಾ ಆಗುತ್ತವೆ, ಉಳಿಕೆ ಸೊನ್ನೆ.

ನಿಮ್ಮ ಹತ್ತು ವರ್ಷಗಳನ್ನೇ ಪೂರ್ತಿ ತಿರುಗಿಸಿ ಹಾಕಿದರೂ ಹೀಗೆಯೇ. 8.25ರಿಂದ ಶುರುವಾಗಿ 8.80ಕ್ಕೆ ಮುಗಿದಿದ್ದರೆ ಮೊದಲ ವರ್ಷ 21,120ರ ಬದಲು 19,800 ಬರುತ್ತಿತ್ತು, ಕೊನೆಯ ವರ್ಷ 41,127ರ ಬದಲು 43,647 ಬರುತ್ತಿತ್ತು. ಕೊನೆಯ ಸಾಲಿನ ಮೊತ್ತ ಮಾತ್ರ ಅದೇ 5,39,631.

ದರ ಇಳಿದದ್ದರಿಂದ ನಿಮಗೆ ನಷ್ಟವೇ ಇಲ್ಲ ಎಂದಲ್ಲ. ಹತ್ತೂ ವರ್ಷ 8.80 ಇದ್ದಿದ್ದರೆ ಗುಣಕ 2.324283 ಆಗಿ 5,57,828 ಸಿಗುತ್ತಿತ್ತು, ಈಗಿನದಕ್ಕಿಂತ 18,197 ಹೆಚ್ಚು. ನಷ್ಟ ಅಂತ ಎಣಿಸುವುದಾದರೆ ಇದನ್ನು ಎಣಿಸಿ. ದರ ಯಾವ ವರ್ಷ ಇಳಿಯಿತು ಎಂಬುದಕ್ಕೆ ಇಲ್ಲಿ ಬೆಲೆ ಇಲ್ಲ, ಎಷ್ಟು ಇಳಿಯಿತು ಮತ್ತು ಎಷ್ಟು ವರ್ಷ ಹಾಗೆ ಇತ್ತು ಎಂಬುದಕ್ಕೆ ಮಾತ್ರ ಬೆಲೆ.

ಒಂದು ಷರತ್ತು ಮಾತ್ರ ಉಂಟು, ಅದನ್ನು ಮರೆತರೆ ಮೇಲೆ ಹೇಳಿದ್ದೆಲ್ಲ ಬಿದ್ದುಹೋಗುತ್ತದೆ: ನಡುವೆ ಹಣ ಹಾಕಬಾರದು, ತೆಗೆಯಬಾರದು. ಇಂಥದೇ ಖಾತೆಯಿಂದ 2020ರ ಮಾರ್ಚ್ 31ರಂದು 50,000 ರೂಪಾಯಿ ಹೊರಟಿತ್ತು ಎಂದು ಇಟ್ಟುಕೊಳ್ಳಿ. ಆ ಹಣ ಖಾತೆಯಲ್ಲೇ ಉಳಿದಿದ್ದರೆ ಕೊನೆಯ ಐದು ವರ್ಷ ಬೆಳೆಯುತ್ತಿತ್ತು. ಐದು ವರ್ಷದ ಗುಣಕ ಬೇಕೆಂದರೆ ಮತ್ತೆ ಗುಣಿಸುತ್ತಾ ಕೂರಬೇಕಾಗಿಲ್ಲ. ಕೋಷ್ಟಕದ ಕೊನೆಯ ಸಂಚಿತ ಗುಣಕವನ್ನು 2019-20ರ ಸಂಚಿತ ಗುಣಕದಿಂದ ಭಾಗಿಸಿದರೆ ಸಾಕು: 2.248463 ÷ 1.512683 = 1.486407. 50,000ಕ್ಕೆ 74,320 ಆಯಿತು. 5,39,631ರಿಂದ ಅದನ್ನು ಕಳೆದರೆ 4,65,311 ಉಳಿಯುತ್ತದೆ. ಈಗ ದರಗಳನ್ನು ತಿರುಗಿಸಿ. ಕೊನೆಯ ಐದು ವರ್ಷಕ್ಕೆ ಹಳೆಯ ಒಳ್ಳೆಯ ದರಗಳು ಬರುತ್ತವೆ, ಗುಣಕ 1.512683, ಕಳೆಯಬೇಕಾದದ್ದು 75,634, ಉಳಿಯುವುದು 4,63,997. ಅಂದರೆ ನಡುವೆ ಹಣ ತೆಗೆದವರಿಗೆ ನಿಜವಾಗಿ ಬಂದ ಕ್ರಮವೇ 1,314 ರೂಪಾಯಿ ಲಾಭದ್ದು, ಏಕೆಂದರೆ ಒಳ್ಳೆ ದರದ ಕಾಲದಲ್ಲಿ ಆ 50,000 ಇನ್ನೂ ಖಾತೆಯಲ್ಲಿತ್ತು. ತಿಂಗಳು ತಿಂಗಳು ಹಣ ಕಟ್ಟುತ್ತಿರುವವರದ್ದು ಇದಕ್ಕೆ ವಿರುದ್ಧ, ಅವರಿಗೆ ಒಳ್ಳೆ ದರ ಕೊನೆಗೆ ಬಂದರೇ ಲಾಭ. ನಿಮ್ಮ ಮನಸ್ಸಿಗೆ ಬಂದ ಯೋಚನೆ ಅವರ ಖಾತೆಗೆ ಸರಿ, ಸುಮ್ಮನೆ ಬಿಟ್ಟ ನಿಮ್ಮ ಖಾತೆಗೆ ಅಲ್ಲ.

ಭಾವನವರ ಸರಾಸರಿ

ಹತ್ತು ದರಗಳ ಮೊತ್ತ 84.40, ಸರಾಸರಿ 8.44. ಅದನ್ನು ಹತ್ತು ಸಲ ಗುಣಿಸಿದರೆ 1.0844ರ ಹತ್ತನೇ ಘಾತ 2.248511. ನಿಜವಾದ ಗುಣಲಬ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ಯಾವಾಗಲೂ ಹೆಚ್ಚೇ ಬರುತ್ತದೆ, ಕಮ್ಮಿ ಬರುವುದೇ ಇಲ್ಲ. ಕಾರಣ ಎರಡು ವರ್ಷದ ಲೆಕ್ಕದಲ್ಲೇ ಕಾಣುತ್ತದೆ. ಸರಾಸರಿ ಗುಣಕ m ಎಂದಿರಲಿ, ಒಂದು ವರ್ಷ ಅದಕ್ಕಿಂತ d ಹೆಚ್ಚು, ಇನ್ನೊಂದು ವರ್ಷ d ಕಮ್ಮಿ:

```
(m + d) × (m − d) = m² − d²
```

ಸರಾಸರಿಯವರು ಹಿಡಿಯುವುದು m². ನಿಜ ಸಿಗುವುದು ಅದಕ್ಕಿಂತ d² ಕಮ್ಮಿ. ದರಗಳೆಲ್ಲ ಒಂದೇ ಆಗಿದ್ದರೆ ಮಾತ್ರ d ಸೊನ್ನೆ, ಆಗ ಎರಡೂ ಒಂದೇ.

ಪಿ.ಎಫ್.ನಲ್ಲಿ ಈ ಹತ್ತು ವರ್ಷ ದರ 8.10ರಿಂದ 8.80ರ ಒಳಗೇ ಓಡಾಡಿದೆ. ಸರಾಸರಿಯಿಂದ ಅತಿ ಹೆಚ್ಚು ದೂರ ಹೋದದ್ದು 0.36. ಅದನ್ನು 0.0036 ಎಂದು ಬರೆದು ವರ್ಗ ಮಾಡಿದರೆ ದಶಮಾಂಶದ ಐದನೇ ಸ್ಥಾನದಲ್ಲಿ ಒಂದು ಅಂಕಿ ಬರುತ್ತದೆ, ಅಷ್ಟೇ. ಹಾಗಾಗಿ 12 ರೂಪಾಯಿಯಲ್ಲಿ ಮುಗಿಯಿತು. ಇದೇ ಉಪಾಯವನ್ನು ಏರಿಳಿತದ ಹೂಡಿಕೆಗೆ ಹಾಕಿದರೆ ಮೋಸ ಹೋಗುತ್ತೀರಿ. ಒಂದು ವರ್ಷ ಶೇ. 50 ಏರಿ ಮರುವರ್ಷ ಶೇ. 30 ಬಿದ್ದ ಹಣದ ಸರಾಸರಿ ಶೇ. 10, ಎರಡು ವರ್ಷಕ್ಕೆ 1.21 ಎಂದು ತೋರಿಸುತ್ತದೆ. ನಿಜವಾದ ಗುಣಲಬ್ಧ 1.50 × 0.70 = 1.05. ಇಲ್ಲಿ d ಎಂದರೆ 0.40, ಅದರ ವರ್ಗ 0.16, ವ್ಯತ್ಯಾಸ ಸರಿಯಾಗಿ ಅಷ್ಟೇ. ಶೇರು, ಮ್ಯೂಚುವಲ್ ಫಂಡ್ ಮಾರುವವರು "ಸರಾಸರಿ ಲಾಭ" ಎಂದು ಹೇಳಿದಾಗ ಅದು ಯಾವ ಸರಾಸರಿ ಎಂದು ಕೇಳಿ ನೋಡಬೇಕು.

ಒಂದೇ ದರದಲ್ಲಿ ಹೇಳಬೇಕು ಎಂದಿದ್ದರೆ ಸರಿಯಾದ ದಾರಿ ಗುಣಲಬ್ಧದ ಹತ್ತನೇ ಮೂಲ ತೆಗೆಯುವುದು. 2.248463ರ ಹತ್ತನೇ ಮೂಲ 1.0843977, ಅಂದರೆ ಶೇ. 8.43977. ಇದನ್ನು 8.44 ಎಂದು ಹೇಳುವುದರಲ್ಲಿ ತಪ್ಪಿಲ್ಲ, ಅದನ್ನೇ ಹಿಡಿದು ರೂಪಾಯಿ ಲೆಕ್ಕಕ್ಕೆ ಹಿಂದೆ ಹೋಗಬಾರದು ಅಷ್ಟೆ.

ನಿಮ್ಮ ಪಾಸ್‌ಬುಕ್ಕನ್ನೇ ಪರೀಕ್ಷೆಗೆ ಹಚ್ಚಿ

ಹೆಚ್ಚಿನ ತೊಂದರೆ ಬರುವುದು ಗುಣಾಕಾರದಲ್ಲಲ್ಲ, ಯಾವ ಅಂಕಿ ಎಲ್ಲಿಂದ ಎತ್ತಿಕೊಳ್ಳಬೇಕು ಎಂಬಲ್ಲಿ. ಉಮಂಗ್ ಆ್ಯಪಿನಲ್ಲೋ ಅಕ್ಷಯ ಕೇಂದ್ರದಲ್ಲೋ ಪಾಸ್‌ಬುಕ್ ತೆಗೆಸಿದರೆ ಮೂರು ಅಂಕಣ ಕಾಣುತ್ತವೆ: ನೌಕರರ ಪಾಲು, ಮಾಲಕರ ಪಾಲು, ಪಿಂಚಣಿ. ಮೊದಲ ಎರಡಕ್ಕೆ ಮಾತ್ರ ಬಡ್ಡಿ. ಪಿಂಚಣಿಯ ಅಂಕಣಕ್ಕೆ ಬಡ್ಡಿ ಸೇರುವುದಿಲ್ಲ. ಅದನ್ನೂ ಸೇರಿಸಿ ಆರಂಭದ ಮೊತ್ತ ಹಿಡಿದವರಿಗೆ ಯಾವ ವರ್ಷದ ಗುಣಕವೂ ಘೋಷಿತ ದರಕ್ಕೆ ಕೂಡಿಬರುವುದಿಲ್ಲ, ಎಲ್ಲವೂ ಕಮ್ಮಿ ಕಾಣುತ್ತವೆ. ಎಲ್ಲ ವರ್ಷವೂ ಒಂದೇ ರೀತಿ ಕಮ್ಮಿ ಬರುತ್ತಿದೆ ಎಂದಾದರೆ ಮೊದಲು ಸಂಶಯಪಡಬೇಕಾದದ್ದು ಇದನ್ನು.

ಪ್ರತಿವರ್ಷದ ಕೊನೆಯ ಮೊತ್ತವನ್ನು ಆ ವರ್ಷದ ಆರಂಭದ ಮೊತ್ತದಿಂದ ಭಾಗಿಸಿ. ನಿಮ್ಮ 2021-22ಕ್ಕೆ 4,25,809 ÷ 3,93,903 = 1.0810. ಸರಿ ಇದೆ. ಬಡ್ಡಿಯನ್ನು ಪೂರ್ಣ ರೂಪಾಯಿಗೆ ಸರಿಮಾಡುವುದರಿಂದ, ಅದೂ ಎರಡು ಅಂಕಣಗಳಲ್ಲಿ ಬೇರೆ ಬೇರೆಯಾಗಿ, ಹತ್ತು ವರ್ಷದ ಕೊನೆಗೆ ಒಂದೆರಡು ರೂಪಾಯಿ ಆಚೀಚೆ ಆಗಬಹುದು. ಅದಕ್ಕಿಂತ ಹೆಚ್ಚಾದರೆ ಏನೋ ಉಂಟು ಎಂದರ್ಥ.

ಯಾವ ವರ್ಷದ ಬಡ್ಡಿ ಜಮೆಯಾಗಿಲ್ಲ ಎಂದು ಕಂಡುಹಿಡಿಯಲು ವರ್ಷ ವರ್ಷವೂ ಹುಡುಕಬೇಕಾಗಿಲ್ಲ. ನಿಮ್ಮ ಖಾತೆಯಲ್ಲಿ 5,39,631ರ ಬದಲು 4,99,196 ಕಂಡಿತು ಎನ್ನೋಣ. ವ್ಯತ್ಯಾಸ 40,435. ಇಷ್ಟು ಬಡ್ಡಿ ಬಂದ ವರ್ಷ ಯಾವುದು ಎಂದು ಹುಡುಕಿದರೆ 2024-25ರ 41,127 ಸ್ವಲ್ಪ ಹತ್ತಿರ ಕಾಣುತ್ತದೆ, ಆದರೆ ಅದಲ್ಲ. ಕಳೆಯುವ ಬದಲು ಭಾಗಿಸಿ: 5,39,631 ÷ 4,99,196 = 1.081. ಬಿಟ್ಟುಹೋದದ್ದು 8.10ರ ವರ್ಷ, ಅಂದರೆ 2021-22. ಗುಣಲಬ್ಧದಲ್ಲಿ ಒಂದು ಗುಣಕ ಇಲ್ಲದಿದ್ದರೆ ಅದು ಎಲ್ಲಿ ಬಿಟ್ಟುಹೋಗಿದ್ದರೂ ಭಾಗಾಕಾರದಲ್ಲಿ ಹಾಗೇ ಹೊರಬರುತ್ತದೆ. ಆ ವರ್ಷದ ಬಡ್ಡಿ 31,906 ಮಾತ್ರ, ಉಳಿದ 8,529 ರೂಪಾಯಿ ಆ ಬಡ್ಡಿಗೆ ನಂತರದ ಮೂರು ವರ್ಷ ಬೀಳಬೇಕಾಗಿದ್ದ ಬಡ್ಡಿ. ದೂರು ಕೊಡುವಾಗ 31,906 ಜಮೆ ಮಾಡಿ ಎಂದಷ್ಟೇ ಕೇಳಿದರೆ ಈ 8,529 ಹೋಯಿತು. ಒಂದು ಮಿತಿ: 8.65, 8.50, 8.25 ಈ ಮೂರು ದರಗಳು ಎರಡೆರಡು ವರ್ಷ ಇದ್ದವು. ಭಾಗಾಕಾರದಲ್ಲಿ 1.085 ಬಂದರೆ ಅದು 2019-20ರದೋ 2020-21ರದೋ ಎಂದು ಪಾಸ್‌ಬುಕ್ ತೆರೆದು ನೋಡಿಯೇ ಹೇಳಬೇಕು.

ಇನ್ನೊಂದು ಸಾಮಾನ್ಯ ತಪ್ಪು ವರ್ಷದ ಕಿಟಕಿಯನ್ನೇ ಒಂದು ವರ್ಷ ಹಿಂದೆ ಸರಿಸುವುದು. 2015ರ ಮಾರ್ಚ್ 31ರ ಮೊತ್ತ ಎಂದ ಕೂಡಲೇ ಕೆಲವರು 2014-15ರ 8.75ರಿಂದ ಶುರು ಮಾಡುತ್ತಾರೆ. ಆ ಬಡ್ಡಿ ಆಗಲೇ 2,40,000ದೊಳಗೆ ಸೇರಿ ಆಗಿದೆ. ಹತ್ತೇ ಗುಣಕ ಬೇಕೆಂದು 2024-25ನ್ನು ಕೈಬಿಟ್ಟರೆ ಉತ್ತರ 5,42,124 ಬರುತ್ತದೆ. ವ್ಯತ್ಯಾಸ ಬರೀ 2,493, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಇಲ್ಲೂ ಭಾಗಿಸಿ ನೋಡಿದರೆ 1.0046 ಬರುತ್ತದೆ. ಅಷ್ಟು ಚಿಕ್ಕ ಬಡ್ಡಿ ದರ ಯಾವ ವರ್ಷವೂ ಇರಲಿಲ್ಲ, ಅದು 1.0875 ÷ 1.0825, ಒಂದು ಗುಣಕದ ಜಾಗದಲ್ಲಿ ಇನ್ನೊಂದು ಕೂತಿದೆ ಎಂಬುದರ ಗುರುತು.

ನೀವು ಜನವರಿಯಲ್ಲೇ ಕೆಲಸ ಬಿಟ್ಟದ್ದರಿಂದ ಮಾರ್ಚ್ 31ರ ಮೊತ್ತ ಶುದ್ಧವಾಗಿದೆ. ಮಾರ್ಚ್ ಕೊನೆಗೆ ಬಿಟ್ಟವರ ಕೊನೆಯ ಕಂತು ಏಪ್ರಿಲಿನಲ್ಲಿ ಬಂದು ಬೀಳುತ್ತದೆ, ಅವರ ಮೊದಲ ವರ್ಷದ ಗುಣಕ 1.088ಕ್ಕಿಂತ ಹೆಚ್ಚು ಕಾಣುತ್ತದೆ. ಅವರು 2016ರ ಮಾರ್ಚ್ 31ರಿಂದ ಲೆಕ್ಕ ಶುರು ಮಾಡುವುದು ಕ್ಷೇಮ.

ಕಂಪ್ಯೂಟರಿನಲ್ಲಿ ಮಾಡುವುದಾದರೆ

ಎಕ್ಸೆಲ್, ಲಿಬ್ರೆಆಫೀಸ್, ಗೂಗಲ್ ಶೀಟ್ಸ್ ಮೂರರಲ್ಲೂ ಈ ಕೆಲಸಕ್ಕೆಂದೇ ಒಂದು ಸೂತ್ರ ಇದೆ. ದರಗಳನ್ನು B2ರಿಂದ B11ರವರೆಗೆ ಬರೆದು:

```
=FVSCHEDULE(240000, B2:B11)
```

ದರವನ್ನು 8.8% ಎಂದೋ 0.088 ಎಂದೋ ಬರೆಯಬೇಕು. ಬರೀ 8.8 ಎಂದು ಬರೆದರೆ ಅದು ಶೇ. 880 ಎಂದು ತಿಳಿದುಕೊಂಡು ಕೋಟಿ ಕೋಟಿಗಳಲ್ಲಿ ಉತ್ತರ ಕೊಡುತ್ತದೆ. ಆ ತಪ್ಪು ತಕ್ಷಣ ಗೊತ್ತಾಗುವುದರಿಂದ ಅಪಾಯ ಇಲ್ಲ. ಅಪಾಯ ಇರುವುದು ಖಾಲಿ ಮನೆಯಲ್ಲಿ. ಎಕ್ಸೆಲ್ ಖಾಲಿ ಮನೆಯನ್ನು ಸೊನ್ನೆ ಬಡ್ಡಿ ಎಂದು ತೆಗೆದುಕೊಂಡು, ಏನೂ ಹೇಳದೆ, ಆ ವರ್ಷವನ್ನು 1ರಿಂದ ಗುಣಿಸಿ ಮುಂದೆ ಹೋಗುತ್ತದೆ.

ಕ್ಯಾಲ್ಕುಲೇಟರಿನಲ್ಲಿ ಮಾಡುವವರು ನಡುವೆ ಎಲ್ಲೂ ಅಂಕಿಗಳನ್ನು ಮೊಟಕುಗೊಳಿಸದೆ ಒಂದೇ ಓಟದಲ್ಲಿ ಗುಣಿಸುತ್ತಾ ಹೋಗಿ. ಗುಣಕವನ್ನು 2.25 ಎಂದು ಬರೆದಿಟ್ಟುಕೊಂಡರೆ 5,40,000 ಬರುತ್ತದೆ, 369 ರೂಪಾಯಿ ಹೆಚ್ಚು. ನಾಲ್ಕು ಸ್ಥಾನ ಇಟ್ಟರೆ, ಅಂದರೆ 2.2485, ತಪ್ಪು 9 ರೂಪಾಯಿಗೆ ಇಳಿಯುತ್ತದೆ. ಲಕ್ಷಗಳ ಮೊತ್ತಕ್ಕೆ ದಶಮಾಂಶದ ನಂತರ ಆರು ಸ್ಥಾನ ಇಟ್ಟುಕೊಂಡರೆ ರೂಪಾಯಿವರೆಗೆ ಸರಿ ಬರುತ್ತದೆ.

ವರ್ಷದ ನಡುವೆ, ಮತ್ತು ಬ್ಯಾಂಕಿನಲ್ಲಿ

ಪಿ.ಎಫ್.ನಲ್ಲಿ ಬಡ್ಡಿಯನ್ನು ತಿಂಗಳ ಬಾಕಿಯ ಮೇಲೆ ಎಣಿಸುತ್ತಾರೆ, ಆದರೆ ಅಸಲಿಗೆ ಸೇರಿಸುವುದು ವರ್ಷಕ್ಕೊಮ್ಮೆ. ಹಾಗಾಗಿ ವರ್ಷದ ಒಳಗೆ ಅದು ಸರಳ ಬಡ್ಡಿಯೇ. ಆರು ತಿಂಗಳಿಗೆ 8.25ರ ಗುಣಕ 1 + 0.0825 × 6/12 = 1.04125. 1.0825ರ ವರ್ಗಮೂಲ ತೆಗೆದು 1.04043 ಎಂದು ಹಾಕುವವರಿದ್ದಾರೆ. 4,98,504 ರೂಪಾಯಿಗೆ ಅದು ಸುಮಾರು 407 ರೂಪಾಯಿ ಕಮ್ಮಿ ತೋರಿಸುತ್ತದೆ. ಪೂರ್ತಿ ವರ್ಷಗಳಿಗೆ ಗುಣಲಬ್ಧ, ಕೊನೆಗೆ ಉಳಿದ ತಿಂಗಳುಗಳಿಗೆ ಈ ರೀತಿಯ ಒಂದು ಚಿಕ್ಕ ಗುಣಕ, ಹೀಗೆ ಹಾಕಬೇಕು.

ಕೆಲಸ ಬಿಟ್ಟ ನಂತರದ ವರ್ಷಗಳ ಪಿ.ಎಫ್. ಬಡ್ಡಿಗೆ ಆದಾಯ ತೆರಿಗೆ ಅನ್ವಯವಾಗುತ್ತದೆ. ಪಾಸ್‌ಬುಕ್ಕಿನ 5,39,631 ಆ ತೆರಿಗೆ ಕಳೆಯುವ ಮೊದಲಿನ ಅಂಕಿ, ಹಾಗಾಗಿ ಗುಣಕಗಳಲ್ಲಿ ಅದು ಕಾಣುವುದಿಲ್ಲ.

ಇದೇ ಹಣವನ್ನು ಊರಿನ ಬ್ಯಾಂಕಿನಲ್ಲಿ ಠೇವಣಿ ಇಟ್ಟು ವರ್ಷ ವರ್ಷ ನವೀಕರಿಸಿದ್ದರೆ ಎಂದು ಹೋಲಿಸಬೇಕೆಂದಿದ್ದರೆ ವಿಧಾನ ಇದೇ, ಗುಣಕ ಮಾತ್ರ ಬೇರೆ. ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತವೆ. ಶೇ. 8 ಎಂದು ಬರೆದ ವರ್ಷದ ಗುಣಕ 1.08 ಅಲ್ಲ, 1.02ನ್ನು ನಾಲ್ಕು ಸಲ ಗುಣಿಸಿದ 1.082432. ಅಂದರೆ ಅಲ್ಲಿಯ 8, ಪಿ.ಎಫ್.ನ 8.25ಕ್ಕೆ ಹತ್ತಿರ ಹತ್ತಿರ ಸಮ. ಠೇವಣಿಯ ರಸೀದಿಯಲ್ಲಿ ವಾಯಿದೆ ಮುಗಿದಾಗ ಸಿಗುವ ಮೊತ್ತ ಬರೆದಿರುತ್ತದೆ. ಒಂದು ವರ್ಷದ ಠೇವಣಿಯಾದರೆ ಅದನ್ನು ಇಟ್ಟ ಮೊತ್ತದಿಂದ ಭಾಗಿಸಿದರೆ ದರದ ಗೋಜಿಲ್ಲದೆ ಆ ವರ್ಷದ ಗುಣಕ ನೇರವಾಗಿ ಸಿಗುತ್ತದೆ. ನವೀಕರಿಸಲು ತಡವಾಗಿ ಠೇವಣಿ ಒಂದೆರಡು ತಿಂಗಳು ಸುಮ್ಮನೆ ಬಿದ್ದಿದ್ದರೆ ಆ ಅವಧಿಗೂ ಬೇರೆ ಒಂದು ಗುಣಕ ಹಾಕಬೇಕು, ಬ್ಯಾಂಕು ಆ ದಿನಗಳಿಗೆ ಏನು ಕೊಟ್ಟಿದೆಯೋ ಅದರ ಪ್ರಕಾರ. ಏನೂ ಕೊಡದಿದ್ದರೆ 1. ಮೂಲದಲ್ಲೇ ತೆರಿಗೆ ಹಿಡಿದು ಉಳಿದದ್ದನ್ನು ಮತ್ತೆ ಇಟ್ಟಿದ್ದರೆ ರಸೀದಿಯ ಅಂಕಿಯನ್ನು ನಂಬಬೇಡಿ, ಮರುವರ್ಷದ ರಸೀದಿಯಲ್ಲಿ ಎಷ್ಟು ಹಣದಿಂದ ಠೇವಣಿ ಶುರುವಾಗಿದೆ ಎಂದು ನೋಡಿ ಅದನ್ನೇ ಭಾಗಾಕಾರಕ್ಕೆ ತೆಗೆದುಕೊಳ್ಳಿ.